‘ಡಿಫಿಕಲ್ಟ್’ಗೆ ಸಮಾನಾರ್ಥಕ ಕೇಳುವ ಒಂದು ಅಂಕದ ಪ್ರಶ್ನೆ: ನಾನು ಕಟ್ಟುವ ಬಗೆ

ಹೈಸ್ಕೂಲು ಇಂಗ್ಲಿಷ್ ಪತ್ರಿಕೆಗೆ ಪದಸಂಪತ್ತಿನ ಪ್ರಶ್ನೆ ಬರೆಯುವವರು ಹೆಚ್ಚಾಗಿ ಎಡವುವುದು ಇಂಥ ಕಡೆ: ‘ದಿ ಕ್ಲೈಂಬ್ ವಾಸ್ ಡಿಫಿಕಲ್ಟ್’ ಎಂಬ ವಾಕ್ಯ ಕೊಟ್ಟು, ಆಯ್ಕೆಗಳಾಗಿ ಈಸಿ, ಡಿಮ್ಯಾಂಡಿಂಗ್, ಕಾಂಪ್ಲೆಕ್ಸ್, ಚಾಲೆಂಜಿಂಗ್ ಎಂದು ಬರೆದುಬಿಡುತ್ತಾರೆ. ಬೆಟ್ಟ ಹತ್ತುವುದು ಡಿಮ್ಯಾಂಡಿಂಗ್ ಹೌದು, ಚಾಲೆಂಜಿಂಗ್ ಕೂಡ ಹೌದು. ಮಾದರಿ ಉತ್ತರದಲ್ಲಿ ಒಂದನ್ನೇ ಹಾಕಿದ್ದರೆ ಇನ್ನೊಂದನ್ನು ಗುರುತಿಸಿದ ಮಗುವಿಗೆ ಅನ್ಯಾಯವಾಗುತ್ತದೆ. ಅದೂ ಎರಡೂ ಪದ ಗೊತ್ತಿದ್ದ ಜಾಣ ಮಗುವಿಗೇ ಆಗುತ್ತದೆ.

ಅದಕ್ಕೇ ಪ್ರಶ್ನೆ ಬರೆಯುವ ಮುಂಚೆ ಪ್ರತಿ ಪದವೂ ಎಂಥ ಪದದ ಜೊತೆ ಕೂಡುತ್ತದೆ ಎಂದು ನೋಡಿಕೊಳ್ಳುತ್ತೇನೆ. ಹೆಣೆದುಕೊಂಡ ಭಾಗಗಳು ಹಲವಿದ್ದರೆ ಅದು ಕಾಂಪ್ಲೆಕ್ಸ್: ಯಂತ್ರ, ಜಾಲ, ಮೆದುಳಿನ ರಚನೆ. ಸಮಯ, ಗಮನ, ಶ್ರಮವನ್ನು ಬಿಡದೆ ಬೇಡುವಂಥದ್ದು ಡಿಮ್ಯಾಂಡಿಂಗ್. ಕೆಲಸಕ್ಕೂ ಅನ್ವಯಿಸುತ್ತದೆ, ‘ಎಷ್ಟು ಮಾಡಿದರೂ ಸಾಲದು’ ಎನ್ನುವ ಮೇಲಧಿಕಾರಿಗೂ ಅನ್ವಯಿಸುತ್ತದೆ. ನಮ್ಮ ಸಾಮರ್ಥ್ಯವನ್ನು ಒರೆಗೆ ಹಚ್ಚುವುದು ಚಾಲೆಂಜಿಂಗ್. ಅದರಲ್ಲಿ ‘ಮಾಡಿ ನೋಡೋಣ’ ಎನ್ನುವ ಉತ್ಸಾಹವೂ ಇರಬಹುದು. ಕನ್ನಡ ಮಾಧ್ಯಮದ ಮಕ್ಕಳು ಮೂರಕ್ಕೂ ‘ಕಷ್ಟ’ ಎಂದೇ ಅರ್ಥ ಬರೆದುಕೊಂಡಿರುತ್ತಾರೆ. ಹಾಗಾಗಿ ವಾಕ್ಯವೇ ವ್ಯತ್ಯಾಸ ತೋರಿಸದಿದ್ದರೆ ಅವರು ಊಹಿಸುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಇನ್ನೊಂದು ಪರೀಕ್ಷೆ ವ್ಯಾಕರಣದ್ದು. ‘ಇಟ್ ಈಸ್ ಡಿಫಿಕಲ್ಟ್ ಟು ಫೈಂಡ್ ಎ ಸೀಟ್’ ಎಂಬಲ್ಲಿ ಹಾರ್ಡ್ ಎಂದರೆ ಸರಾಗವಾಗಿ ಕೂರುತ್ತದೆ. ಡಿಮ್ಯಾಂಡಿಂಗ್, ಕಾಂಪ್ಲೆಕ್ಸ್ ಹಾಕಿದರೆ ವಾಕ್ಯ ಸಹಜವಾಗಿ ಕೇಳಿಸುವುದಿಲ್ಲ. ಅತ್ತ ‘ಕಾಂಪ್ಲೆಕ್ಸ್ ಸ್ಟ್ರಕ್ಚರ್’ ಎಂಬುದನ್ನು ‘ಡಿಫಿಕಲ್ಟ್ ಸ್ಟ್ರಕ್ಚರ್’ ಮಾಡಿದರೆ ಅರ್ಥವೇ ಬೇರೆಯಾಗುತ್ತದೆ. ಇದರಿಂದ ನಾನು ಪಾಲಿಸುವ ನಿಯಮ ಇಷ್ಟು: ನೇರವಾಗಿ ಸಮಾನಾರ್ಥಕ ಕೇಳುವುದಾದರೆ ಸರಿಯುತ್ತರ ಹಾರ್ಡ್ ಅಥವಾ ಟಫ್ ಆಗಿರಬೇಕು. ಉಳಿದ ಮೂರು ಪದಗಳನ್ನು ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಮೀಸಲಿಡಬೇಕು.

ನೇರ ಪ್ರಶ್ನೆಯನ್ನು ಹೀಗೆ ಬರೆಯುತ್ತೇನೆ: ‘ದಿ ಸೆಕೆಂಡ್ ಕ್ವೆಶ್ಚನ್ ವಾಸ್ ಡಿಫಿಕಲ್ಟ್.’ ಆಯ್ಕೆಗಳು ಲಾಂಗ್, ಡಿಫರೆಂಟ್, ಹಾರ್ಡ್, ಈಸಿ. ನಾಲ್ಕೂ ವಿಶೇಷಣಗಳೇ, ನಾಲ್ಕೂ ವಾಕ್ಯದಲ್ಲಿ ಕೂರುತ್ತವೆ. ವ್ಯಾಕರಣ ನೋಡಿಯೇ ಯಾವುದನ್ನೂ ತಳ್ಳಿಹಾಕಲಾಗದು. ಒಂದೊಂದು ತಪ್ಪು ಆಯ್ಕೆಗೂ ಒಂದು ಕೆಲಸವಿದೆ. ಈಸಿ ಗುರುತಿಸಿದ ಮಗು ಸಮಾನಾರ್ಥಕ, ವಿರುದ್ಧಾರ್ಥಕಗಳನ್ನು ಗೊಂದಲ ಮಾಡಿಕೊಂಡಿರಬಹುದು. ಡಿಫರೆಂಟ್ ಗುರುತಿಸಿದ ಮಗು ಪದದ ಮೊದಲ ನಾಲ್ಕು ಅಕ್ಷರ ನೋಡಿ ನಿಂತಿರಬಹುದು. ಲಾಂಗ್ ಎಂದವರು ‘ಉದ್ದ ಪ್ರಶ್ನೆ ಎಂದರೆ ಕಷ್ಟ’ ಎಂಬ ಪರೀಕ್ಷೆಯ ಅನುಭವದಿಂದ ಉತ್ತರಿಸಿರಬಹುದು. ನೀಲನಕ್ಷೆಯಲ್ಲಿ ಈ ಪ್ರಶ್ನೆ ‘ಸುಲಭ’ದ ಅಂಕಣಕ್ಕೆ ಹೋಗುತ್ತದೆ.

ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಸುಳಿವು ವಾಕ್ಯದೊಳಗೇ ಇರಬೇಕು. ಡಿಮ್ಯಾಂಡಿಂಗ್‌ಗೆ: ‘ಅವರ್ ಕೋಚ್ ಈಸ್ ವೆರಿ ____; ಹೀ ಎಕ್ಸ್‌ಪೆಕ್ಟ್ಸ್ ಫುಲ್ ಎಫರ್ಟ್ ಈವನ್ ಇನ್ ಪ್ರಾಕ್ಟೀಸ್.’ ಅರ್ಧವಿರಾಮದ ನಂತರದ ಭಾಗ ತೆಗೆದರೆ ಯಾವ ಗುಣವಾಚಕ ಬೇಕಾದರೂ ಸರಿಹೋಗುತ್ತದೆ. ಪ್ರಶ್ನೆ ನಿಂತಿರುವುದೇ ಆ ಭಾಗದ ಮೇಲೆ. ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಇರಬಹುದು, ಚಾಲೆಂಜಿಂಗ್ ಬೇಡ. ಚಾಲೆಂಜಿಂಗ್‌ನ ವ್ಯಾಪ್ತಿ ದೊಡ್ಡದು, ಅರ್ಧ ಕಡೆ ಡಿಮ್ಯಾಂಡಿಂಗ್ ಜಾಗದಲ್ಲೂ ನಡೆದುಬಿಡುತ್ತದೆ. ಇವೆರಡನ್ನು ಒಂದೇ ಪ್ರಶ್ನೆಯಲ್ಲಿ ನಾನು ಎಂದೂ ಸೇರಿಸುವುದಿಲ್ಲ. ಚಾಲೆಂಜಿಂಗ್ ಸರಿಯುತ್ತರವಾದಾಗ ಸುತ್ತ ಬೋರಿಂಗ್, ಆರ್ಡಿನರಿ, ಎಫರ್ಟ್‌ಲೆಸ್‌ನಂಥ ದೂರದ ಪದಗಳನ್ನೇ ಇಡುತ್ತೇನೆ.

ಬಿಟ್ಟ ಸ್ಥಳದ ಮುಂದೆ ‘ಎ’ ಅಥವಾ ‘ಆ್ಯನ್’ ಬರದಂತೆ ನೋಡಿಕೊಳ್ಳುವುದು ಒಳ್ಳೆಯದು. ‘ಎ ____ ಜಾಬ್’ ಎಂದರೆ ಈಸಿ, ಎಫರ್ಟ್‌ಲೆಸ್ ತಾವಾಗಿಯೇ ಹೊರಬೀಳುತ್ತವೆ. ಸ್ವರದ ನಿಯಮ ಗೊತ್ತಿದ್ದವರಿಗೆ ಪದದ ಅರ್ಥ ಬೇಕಾಗುವುದೇ ಇಲ್ಲ.

ಮುದ್ರಣಕ್ಕೆ ಹೋಗುವ ಮುನ್ನ ಉತ್ತರ ಬರೆಯದ ಪ್ರತಿಯನ್ನು ಇನ್ನೊಬ್ಬ ಇಂಗ್ಲಿಷ್ ಶಿಕ್ಷಕರಿಗೆ ಕೊಡುತ್ತೇನೆ. ‘ಇದೂ ಆಗಬಹುದಲ್ಲವೇ?’ ಎಂದು ಅವರು ಕೇಳಿದರೆ ವಾದಕ್ಕಿಳಿಯದೆ ಆ ಆಯ್ಕೆಯನ್ನು ಬದಲಿಸುತ್ತೇನೆ. ‘ಡಿಫಿಕಲ್ಟ್‌ಗೆ ಒಂದು ಸಮಾನಾರ್ಥಕ ಬರೆಯಿರಿ’ ಎಂದು ಆಯ್ಕೆಯಿಲ್ಲದೆ ಕೇಳಿದ್ದರಂತೂ ಒಪ್ಪಬಹುದಾದ ಪದಗಳನ್ನೆಲ್ಲ ಮಾದರಿ ಉತ್ತರದಲ್ಲೇ ಕೊಡಬೇಕು. ಇಲ್ಲವಾದರೆ ಒಬ್ಬ ಮೌಲ್ಯಮಾಪಕರು ಟಫ್‌ಗೆ ಅಂಕ ಕೊಡುತ್ತಾರೆ, ಪಕ್ಕದವರು ಕೊಡುವುದಿಲ್ಲ.

ಪರೀಕ್ಷೆ ಮುಗಿದ ಮೇಲೆ ಹೆಚ್ಚು ಅಂಕ ಪಡೆದ ಮೂರನೇ ಒಂದು ಭಾಗದ ಪತ್ರಿಕೆಗಳನ್ನು ಬೇರೆ ತೆಗೆದು ಈ ಪ್ರಶ್ನೆಯ ಉತ್ತರವನ್ನಷ್ಟೇ ಎಣಿಸುತ್ತೇನೆ. ನಲವತ್ತೈದು ಮಕ್ಕಳ ತರಗತಿ ಎಂದುಕೊಳ್ಳಿ, ಹದಿನೈದು ಪತ್ರಿಕೆ. ಅದರಲ್ಲಿ ಎಂಟು ಮಂದಿ ಒಂದು ಆಯ್ಕೆಗೆ, ಏಳು ಮಂದಿ ಮತ್ತೊಂದಕ್ಕೆ ಹೋಗಿದ್ದರೆ ಎರಡು ಸರಿಯುತ್ತರ ಇದ್ದಿರಬಹುದೆಂದು ಮೊದಲು ಅನುಮಾನಿಸಬೇಕು. ಆ ಅನುಮಾನ ನಿಜವಾದರೆ ಎರಡಕ್ಕೂ ಅಂಕ ಕೊಡುತ್ತೇನೆ. ಇಡೀ ತರಗತಿಯಲ್ಲಿ ಒಬ್ಬರೂ ಮುಟ್ಟದ ಆಯ್ಕೆ ಇದ್ದರೆ ಅದನ್ನು ಮುಂದಿನ ಸಲಕ್ಕೆ ತೆಗೆದು ಬೇರೆ ಪದ ಹಾಕುತ್ತೇನೆ.