ಕೈ ಲೇತ್‌ನಿಂದ ಸಿಎನ್‌ಸಿಗೆ: ಐವತ್ತರ ಹತ್ತಿರ ಕಲಿಯುವುದು ಹೇಗೆ?

ಇಪ್ಪತ್ತೈದು ವರ್ಷ ಲೇತ್ ಓಡಿಸಿದ ಟರ್ನರ್‌ಗೆ ಸಿಎನ್‌ಸಿ ಎದುರು ನಿಂತಾಗ ಕೈ ಕಟ್ಟಿಹಾಕಿದಂತೆ ಆಗುತ್ತದೆ. ತಿರುಗಿಸುತ್ತಿದ್ದ ಹ್ಯಾಂಡಲ್ ಜಾಗದಲ್ಲಿ ಸ್ಕ್ರೀನ್ ಇರುತ್ತದೆ. ಆದರೆ ಲೋಹ ಅದೇ, ಟೂಲ್ ಕತ್ತರಿಸುವ ರೀತಿಯೂ ಅದೇ ಅಲ್ವಾ? ಹಾಗಾಗಿ ಕಂಪ್ಯೂಟರ್ ತರಗತಿಗಿಂತ ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಬ್ ಹಿಡಿದುಕೊಳ್ಳಿ.

ಮೊದಲು ಪೇಪರ್ ಮೇಲೆ

40 ಮಿ.ಮೀ. ರಾಡನ್ನು 30 ಮಿ.ಮೀ. ಉದ್ದಕ್ಕೆ 38ಕ್ಕೆ ಇಳಿಸಬೇಕು ಅಂತಿಟ್ಟುಕೊಳ್ಳಿ. ನಿಮ್ಮ ಕೈ ಮಾಡುವ ಕೆಲಸವನ್ನು ಸಾಲು ಸಾಲಾಗಿ ಬರೆಯಿರಿ: ಟೂಲ್ ಹತ್ತಿರ ತರುವುದು, ಕಟ್, ಹೊರಗೆ ಎಳೆಯುವುದು, ವಾಪಸ್. ಅದನ್ನೇ ಮೆಷಿನ್ ಭಾಷೆಯಲ್ಲಿ ಬರೆದರೆ:

```
G00 X38.0 Z2.0
G01 Z-30.0 F0.2
G01 X42.0
G00 Z2.0
```

G00 ಅಂದರೆ ವೇಗದ ಓಡಾಟ, G01 ಅಂದರೆ ಫೀಡ್‌ನಲ್ಲಿ ಹೋಗುವುದು. X ಅಂದರೆ ಅಡ್ಡಕ್ಕೆ, Z ಅಂದರೆ ರಾಡ್‌ನ ಉದ್ದಕ್ಕೆ; ಇಲ್ಲಿ Z ಸೊನ್ನೆ ಇರುವುದು ರಾಡ್‌ನ ತುದಿಯಲ್ಲಿ. F0.2 ಅಂದರೆ ಇಲ್ಲಿ ಒಂದು ಸುತ್ತಿಗೆ 0.2 ಮಿ.ಮೀ.

ಹಳಬರು ಎಡವುವುದು X ಹತ್ತಿರ. 'ಒಂದು ಮಿ.ಮೀ. ಕಟ್' ಕೊಟ್ಟು ಅಭ್ಯಾಸವಾದ ಕೈ ಇಲ್ಲಿಯೂ ಅದನ್ನೇ ಬರೆಯಲು ಹೋಗುತ್ತದೆ. ಸಾಮಾನ್ಯವಾಗಿ ಇಲ್ಲಿ ಬರೆಯಬೇಕಾದ್ದು ಕಟ್ ಆದ ಮೇಲೆ ಉಳಿಯುವ ವ್ಯಾಸ. ಚುಕ್ಕಿ ಮರೆತು X38 ಅಂದರೆ ಕೆಲವು ಕಂಟ್ರೋಲ್‌ಗಳು ಅದನ್ನು 0.038 ಅಂತ ಓದುತ್ತವೆ. ಟೂಲ್ ನಡುಮಧ್ಯಕ್ಕೆ ಹೋಗಿ, ಮುಂದಿನ ಸಾಲಿನಲ್ಲಿ ರಾಡ್‌ಗೇ ನುಗ್ಗುತ್ತದೆ.

ಈ ವಯಸ್ಸಿನಲ್ಲಿ ಚುಕ್ಕಿ, ಮೈನಸ್ ಕಣ್ಣಿಗೆ ಬೀಳದಿರುವುದು ಜಾಸ್ತಿ. ಪುಸ್ತಕ ಓದುವ ಕನ್ನಡಕ ಸ್ಕ್ರೀನ್‌ನ ದೂರಕ್ಕೆ ಹೊಂದುವುದಿಲ್ಲ. ಕಣ್ಣಿನಿಂದ ಸ್ಕ್ರೀನ್‌ಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆದು, ಕಣ್ಣು ಪರೀಕ್ಷೆಯಲ್ಲಿ ಆ ಅಳತೆ ಹೇಳಿ.

ಮರುದಿನ ಅದೇ ಪ್ರೋಗ್ರಾಮನ್ನು ನೋಡದೆ ಬರೆಯಿರಿ. ಎಲ್ಲಿ ನಿಂತಿರೋ ಅಷ್ಟನ್ನೇ ಮತ್ತೆ ಕಲಿಯಿರಿ.

ಆಮೇಲೆ ಮೆಷಿನ್ ಮೇಲೆ

ಸಿಮ್ಯುಲೇಟರ್‌ನಲ್ಲಿ ಸರಿ ಬಂದರೂ ನಂಬಬೇಡಿ, ಟೂಲ್ ಮತ್ತು ಜಾಬ್ ಎಲ್ಲಿವೆ ಅಂತ ತಿಳಿಸಲು ಮೆಷಿನ್‌ನಲ್ಲಿ ಹಾಕಿದ ಅಳತೆ, ಅಂದರೆ ಆಫ್‌ಸೆಟ್, ಅದಕ್ಕೆ ಗೊತ್ತಿರುವುದಿಲ್ಲ. ತಿಳಿದವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ವೇಗ ತೀರಾ ಕಡಿಮೆ ಮಾಡಿ, ಸಿಂಗಲ್ ಬ್ಲಾಕ್ ಹಾಕಿ, ಒಂದೊಂದೇ ಸಾಲು ಓಡಿಸಿ. ಬೆರಳು ಟೂಲ್‌ನ ಓಟ ನಿಲ್ಲಿಸುವ ಫೀಡ್ ಹೋಲ್ಡ್ ಬಟನ್ ಮೇಲಿರಲಿ. ಟೂಲ್ ಜಾಬ್ ಹತ್ತಿರ ಬಂದಾಗ ನಿಲ್ಲಿಸಿ, ಇನ್ನೆಷ್ಟು ದೂರ ಹೋಗಬೇಕು ಅಂತ ಸ್ಕ್ರೀನ್ ತೋರಿಸುವ ಅಂಕಿ ನೋಡಿ. ಕಣ್ಣಿಗೆ ಕಾಣುವ ಅಂತರ 20 ಮಿ.ಮೀ., ಅಂಕಿ 60 ಇದ್ದರೆ ಆಫ್‌ಸೆಟ್ ತಪ್ಪಿದೆ. ಮುಂದೆ ಹೋಗಬೇಡಿ.

ನಿಮ್ಮ ಅನುಭವ ಕೆಲಸಕ್ಕೆ ಬರುವ ಜಾಗ

ಜಾಬ್ ಅಳೆದಾಗ 38.05 ಬಂತು ಅಂದುಕೊಳ್ಳಿ. ಹೊಸ ಹುಡುಗ ತಕ್ಷಣ ಸಣ್ಣ ವ್ಯತ್ಯಾಸ ಸರಿಪಡಿಸುವ ವೇರ್ ಆಫ್‌ಸೆಟ್‌ನಲ್ಲಿ ಮೈನಸ್ 0.05 ಹಾಕಿಬಿಡುತ್ತಾನೆ. ನೀವು ಮೊದಲು ಮುಟ್ಟಿ ನೋಡುತ್ತೀರಿ. ಉಕ್ಕು ಸುತ್ತಲಿನ ಗಾಳಿಗಿಂತ 30 ಡಿಗ್ರಿ ಬಿಸಿಯಿದ್ದರೆ ಈ ವ್ಯಾಸ ಸುಮಾರು 0.01 ಮಿ.ಮೀ. ಹಿಗ್ಗಿರುತ್ತದೆ. ಆರಿದ ಮೇಲೆ ಅಳೆದರೆ 38.04 ಬರುತ್ತದೆ. ಆಗ ಮೈನಸ್ 0.04 ಹಾಕಿ, ಮುಂದಿನ ಜಾಬ್ ಕಟ್ ಮಾಡಿ, ಮತ್ತೆ ಅಳೆಯಿರಿ.