ಮಂಗನ ಕಾಯಿಲೆಯ ರಿವ್ಯೂ ಲೇಖನವನ್ನು ಎರಡು ಪುಟಕ್ಕೆ ಇಳಿಸುವ ಬಗೆ

ಮಂಗನ ಕಾಯಿಲೆಯ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಹೇಳುವ ರಿವ್ಯೂ ಲೇಖನಗಳು ಹೆಚ್ಚಾಗಿ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಶುರುವಾಗುತ್ತವೆ. ಅಲ್ಲಿಂದ ವೈರಸ್, ಉಣುಗು, ಮಂಗಗಳ ಸಾವು, ಕಾಡು ಕಡಿದ ಪರಿಣಾಮ, ಲಸಿಕೆ, ಹೊಸ ಜಿಲ್ಲೆಗಳಿಗೆ ಹಬ್ಬಿದ್ದು ಎಂದು ವಿಭಾಗಗಳು ಸಾಗಿ, ಕೊನೆಗೆ ಉಲ್ಲೇಖಗಳ ದೊಡ್ಡ ಪಟ್ಟಿ ಬರುತ್ತದೆ. ಇಂಥ ಲೇಖನವನ್ನು ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಆರೋಗ್ಯ ಸಿಬ್ಬಂದಿ ಓದುವಂತೆ ಎರಡು ಪುಟದ ಕನ್ನಡ ಸಾರಾಂಶವಾಗಿ ಮಾಡುವುದು ನನ್ನ ಕೆಲಸ. ಲಸಿಕೆಯ ವಿಭಾಗವೊಂದನ್ನೇ ತೆಗೆದುಕೊಂಡು ಆ ಕೆಲಸ ಹೇಗೆ ನಡೆಯುತ್ತದೆ ಎಂದು ಇಲ್ಲಿ ಬರೆಯುತ್ತೇನೆ. ಅಧ್ಯಯನಗಳನ್ನು ಸಾಲಾಗಿ ಜೋಡಿಸುವುದರಿಂದ ಆಗುವ ಹಾನಿ ಅಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಸಾಲಾಗಿ ಜೋಡಿಸಿದರೆ ಆ ವಿಭಾಗದ ಸಾರಾಂಶ ಹೀಗಿರುತ್ತದೆ:

"1994ರಲ್ಲಿ ಪ್ರಕಟವಾದ ಅಧ್ಯಯನ ಲಸಿಕೆಯ ಎರಡು ಡೋಸ್ ಶೇ 93.5ರಷ್ಟು ಪರಿಣಾಮಕಾರಿ ಎಂದಿತು. 2013ರ ಅಧ್ಯಯನ ಶೇ 62.4 ಎಂದಿತು. ಅದೇ ವರ್ಷದ ಇನ್ನೊಂದು ಅಧ್ಯಯನ ಬೂಸ್ಟರ್ ಕೊರತೆಯ ಬಗ್ಗೆ ಹೇಳಿತು. 2015ರ ಅಧ್ಯಯನ ಲಸಿಕೆಯ ಪರಿಣಾಮ ಕಡಿಮೆ ಎಂದಿತು."

ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಆದರೂ ಓದಿ ಮುಗಿಸಿದವರ ತಲೆಯಲ್ಲಿ ಉಳಿಯುವುದು "ಲಸಿಕೆ ವರ್ಷದಿಂದ ವರ್ಷಕ್ಕೆ ಕೆಡುತ್ತಾ ಬಂತು" ಎಂಬ ಕಥೆ. ಈ ನಾಲ್ಕರಲ್ಲಿ ಯಾವ ಅಧ್ಯಯನವೂ ಹಾಗೆ ಅಳೆದು ನೋಡಿಲ್ಲ. ಇಸವಿಯ ಅನುಕ್ರಮವೇ ಒಂದು ತೀರ್ಮಾನವನ್ನು ಹುಟ್ಟಿಸಿಬಿಟ್ಟಿತು. ಪಟ್ಟಿ ಮಾಡುವುದು ತಟಸ್ಥವಾದ, ಅಪಾಯವಿಲ್ಲದ ದಾರಿ ಎಂದು ಹಲವರು ಭಾವಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ನಾನು ಮೊದಲು ಓದುಗರ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಲಸಿಕೆಯ ವಿಷಯದಲ್ಲಿ ಆ ಪ್ರಶ್ನೆ ಹಳ್ಳಿಯಲ್ಲಿ ಕೇಳಿಬರುವುದೇ: "ಇಂಜೆಕ್ಷನ್ ತಗೊಂಡ್ರೂ ಕಾಯಿಲೆ ಯಾಕ್ ಬಂತು ಮೇಡಂ?" ಆಮೇಲೆ ರಿವ್ಯೂ ಲೇಖನದ ಸಾರ, ಉಪಶೀರ್ಷಿಕೆಗಳು, ಕೋಷ್ಟಕಗಳು, ಕೊನೆಯ ಭಾಗ ಇಷ್ಟನ್ನು ಓದುತ್ತೇನೆ. ಈ ಹಂತದಲ್ಲಿ ಗೆರೆ ಎಳೆಯುವುದಿಲ್ಲ. ಗೆರೆ ಎಳೆಯುತ್ತಾ ಹೋದರೆ ಲೇಖಕರ ಅನುಕ್ರಮವೇ ನನ್ನ ಅನುಕ್ರಮವೂ ಆಗಿಬಿಡುತ್ತದೆ.

ಎರಡನೇ ಓದಿಗೆ ಸ್ಪ್ರೆಡ್‌ಶೀಟ್ ತೆರೆಯುತ್ತೇನೆ. ಕಾಗದದ ಚೀಟಿಗಳೂ ಆಗುತ್ತವೆ. ಕಾಲಂಗಳು ಆರು: ಕಂಡುಬಂದದ್ದು, ಯಾರಲ್ಲಿ ಮತ್ತು ಎಲ್ಲಿ, ದತ್ತಾಂಶ ಯಾವ ಅವಧಿಯದು, ಹೇಗೆ ಅಳೆದರು, ಅಂಕಿ, ಯಾವ ಅಧ್ಯಯನ. ಅಧ್ಯಯನದ ಹೆಸರು ಕೊನೆಯ ಕಾಲಂನಲ್ಲಿ ಇರಬೇಕು. ಪ್ರತಿ ಅಧ್ಯಯನಕ್ಕೆ ಒಂದು ಸಾಲು ಎಂದು ಇಡಬಾರದು. ಕಂಡುಬಂದ ಪ್ರತಿ ಸಂಗತಿಗೆ ಒಂದು ಸಾಲು ಇಡಬೇಕು. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವಾಗ ಯಾವ ಮರದಿಂದ ಬಂತು ಎಂದು ಯಾರೂ ನೋಡುವುದಿಲ್ಲ. ಒಂದೇ ತೋಟದ ಕಾಯಿ ಮೂರು ಚೀಲಕ್ಕೂ ಹೋಗುತ್ತದೆ. ಇಲ್ಲಿಯೂ ಒಂದೇ ಅಧ್ಯಯನ ಎರಡು ಮೂರು ಗುಂಪುಗಳಿಗೆ ಹಂಚಿಹೋಗುತ್ತದೆ, ಹೋಗಲೇಬೇಕು.

"ಕಂಡುಬಂದದ್ದು" ಕಾಲಂನಲ್ಲಿ ಕ್ರಿಯಾಪದವಿರುವ ಪೂರ್ತಿ ವಾಕ್ಯವನ್ನೇ ಬರೆಯಬೇಕು. "ಲಸಿಕೆಯ ಪರಿಣಾಮ" ಎಂದು ಬರೆದರೆ ಮುಂದೆ ಅದನ್ನು ಯಾವುದರ ಜೊತೆಗೂ ಹೋಲಿಸಲಾಗದು. "ಎರಡು ಡೋಸ್ ಪಡೆದವರಿಗಿಂತ ಬೂಸ್ಟರ್ ಕೂಡ ಪಡೆದವರಿಗೆ ಹೆಚ್ಚು ರಕ್ಷಣೆ ಸಿಕ್ಕಿತು" ಎಂದು ಬರೆದರೆ ಹೋಲಿಸಬಹುದು.

ಲಸಿಕೆ ವಿಭಾಗದಿಂದ ನನ್ನ ಹಾಳೆಗೆ ಬರುವ ಮುಖ್ಯ ಸಾಲುಗಳು ಇವು. 1990–92ರ ಕ್ಷೇತ್ರ ಪ್ರಯೋಗದಲ್ಲಿ ಒಂದು ಡೋಸ್‌ಗೆ ಶೇ 79.3, ಎರಡು ಡೋಸ್‌ಗೆ ಶೇ 93.5. 2005–10ರ ದತ್ತಾಂಶದಲ್ಲಿ ಎರಡು ಡೋಸ್‌ಗೆ ಶೇ 62.4, ಎರಡರ ಮೇಲೆ ಬೂಸ್ಟರ್ ಪಡೆದವರಲ್ಲಿ ಶೇ 82.9. ಅದೇ ಅಧ್ಯಯನದಿಂದ ಇನ್ನೊಂದು ಸಾಲು: ಲಸಿಕೆ ಪಡೆಯಬೇಕಾದವರಲ್ಲಿ ಪಡೆದವರು ಕಡಿಮೆ. 2011ರ ಡಿಸೆಂಬರಿನಿಂದ 2012ರ ಮಾರ್ಚ್‌ವರೆಗಿನ ಹಾವಳಿಯ ತನಿಖೆ: 2011ರಲ್ಲಿ ಬೂಸ್ಟರಿಗೆ ಲಸಿಕೆ ಸಿಗಲಿಲ್ಲ, ಪ್ರಕರಣಗಳು ಏರಲು ಅದು ಕಾರಣವಿರಬಹುದು. 2013–14ರ ಶಿವಮೊಗ್ಗ ಜಿಲ್ಲೆಯ ಹಾವಳಿಯ ತನಿಖೆಯಿಂದ ಮೂರು ಸಾಲು: ಪಡೆದವರು ಕಡಿಮೆ, ಪರಿಣಾಮವೂ ಕಡಿಮೆ, ಲಸಿಕೆಗೆ ಆರಿಸಿದ ಪ್ರದೇಶ ಮತ್ತು ವಯಸ್ಸಿನ ಆಚೆಗೂ ಕಾಯಿಲೆ ಹೋಯಿತು.

ಈಗ ಕೊನೆಯ ಕಾಲಂ ಮರೆಮಾಡಿ, ಮೊದಲ ಕಾಲಂ ಒಂದನ್ನೇ ಓದುತ್ತಾ ಸಾಲುಗಳನ್ನು ಸರಿಸುತ್ತೇನೆ. ಮೂರು ಗುಂಪುಗಳಾಗುತ್ತವೆ. ಡೋಸ್ ಹೆಚ್ಚಾದಂತೆ ರಕ್ಷಣೆ ಹೆಚ್ಚುತ್ತದೆ, ಇದು ಒಂದು. ಆ ರಕ್ಷಣೆ ಎಷ್ಟು ಎಂಬಲ್ಲಿ ಅಧ್ಯಯನಗಳು ಒಪ್ಪುವುದಿಲ್ಲ, ಇದು ಎರಡು. ಲಸಿಕೆ ತಲುಪಬೇಕಾದವರನ್ನು ತಲುಪಲಿಲ್ಲ, ಇದು ಮೂರು. ಗುಂಪಿನ ಹೆಸರು ಹೀಗೆ ಯಾರಾದರೂ "ಇಲ್ಲ, ಹಾಗಲ್ಲ" ಎಂದು ವಾದಿಸಬಹುದಾದ ವಾಕ್ಯವಾಗಿರಬೇಕು. "ಲಸಿಕೆಯ ವ್ಯಾಪ್ತಿ" ಎಂಬ ಹೆಸರಿನ ಜೊತೆ ಯಾರೂ ವಾದಿಸಲಾರರು. ಅದು ಬರೀ ವಿಷಯದ ಹೆಸರು. ಅದರ ಕೆಳಗೆ ಬರೆಯಲು ಕೂತರೆ ಕೈ ತಾನಾಗಿ ಮತ್ತೆ ಪಟ್ಟಿ ಮಾಡತೊಡಗುತ್ತದೆ.

2005–10ರ ಅಧ್ಯಯನ ಮೂರು ಗುಂಪುಗಳಲ್ಲೂ ಕಾಣಿಸಿಕೊಂಡಿತು, 2013–14ರ ತನಿಖೆ ಎರಡರಲ್ಲಿ. ಸಾಲುಸಾಲಾಗಿ ಜೋಡಿಸಿದ್ದರೆ ಎರಡಕ್ಕೂ ಒಂದೊಂದೇ ವಾಕ್ಯ ಸಿಗುತ್ತಿತ್ತು. ಆ ಒಂದು ವಾಕ್ಯಕ್ಕೆ ಯಾರಾದರೂ ಆರಿಸುವುದು ಶೇಕಡಾ ಅಂಕಿಯನ್ನೇ. ಲಸಿಕೆ ಪಡೆದವರು ಕಡಿಮೆ ಎಂಬ ಸಂಗತಿ, ಆಶಾ ಕಾರ್ಯಕರ್ತೆಗೆ ಅತಿ ಹೆಚ್ಚು ಬೇಕಾದದ್ದು, ಬಿದ್ದುಹೋಗುತ್ತಿತ್ತು.

ಎರಡನೇ ಗುಂಪೇ ನಿಜವಾಗಿ ಕಷ್ಟದ್ದು. ಶೇ 93.5 ಮತ್ತು ಶೇ 62.4 ಎರಡೂ ಎರಡು ಡೋಸಿನ ಅಂಕಿಗಳೇ. ಇವನ್ನು ಕೂಡಿಸಿ ಎರಡರಿಂದ ಭಾಗಿಸಿ "ಸರಾಸರಿ ಶೇ 78" ಎಂದು ಬರೆಯುವವರಿದ್ದಾರೆ. ಹಾಗೆ ಮಾಡಬಾರದು. ಬೇರೆ ಕಾಲದ, ಬೇರೆ ಜನರ, ಬೇರೆ ಬಗೆಯ ಅಳತೆಗಳ ಸರಾಸರಿ ಯಾವ ಊರಿನ ಯಾರಿಗೂ ಅನ್ವಯಿಸುವುದಿಲ್ಲ. "ಎರಡು ಅಧ್ಯಯನ ಪರ, ಒಂದು ವಿರುದ್ಧ" ಎಂದು ಮತ ಎಣಿಸಿದಂತೆ ಬರೆಯುವುದೂ ಅಷ್ಟೇ ತಪ್ಪು. ಅಂಕಿಗಳು ಬೇರೆಯಾದಾಗ ನಾನು ಮೂಲ ಅಧ್ಯಯನದ ಸಾರವನ್ನಾದರೂ ತೆರೆದು ನೋಡುತ್ತೇನೆ, ಅಲ್ಲಿ ವಿಶ್ವಾಸಾರ್ಹ ವ್ಯಾಪ್ತಿಯನ್ನು, ಅಂದರೆ ನಿಜವಾದ ಅಂಕಿ ಯಾವ ಎರಡು ಸಂಖ್ಯೆಗಳ ನಡುವೆ ಇರಬಹುದು ಎಂಬ ಅಂದಾಜನ್ನು, ಹುಡುಕುತ್ತೇನೆ. ಶೇ 62.4ರ ಆ ವ್ಯಾಪ್ತಿ 26.1ರಿಂದ 80.8. ಬೂಸ್ಟರ್ ಪಡೆದವರ ಶೇ 82.9ರದ್ದು 71.3ರಿಂದ 89.8. ಅಂದರೆ ಮೊದಲ ಅಂಕಿ ಬಹಳ ಸಡಿಲ, ಎರಡನೆಯದು ಅದಕ್ಕಿಂತ ಬಿಗಿ. ರಿವ್ಯೂ ಲೇಖನ ಈ ವ್ಯಾಪ್ತಿಯನ್ನು ಬಿಟ್ಟು ಅಂಕಿಯನ್ನಷ್ಟೇ ಕೊಟ್ಟಿದ್ದರೆ, ಸಾರಾಂಶದಲ್ಲಿ ಎರಡೂ ಒಂದೇ ಗಟ್ಟಿತನದವು ಎಂಬಂತೆ ಕಾಣುತ್ತವೆ.

ವ್ಯತ್ಯಾಸಕ್ಕೆ ಕಾರಣ ಬರೆಯುವಾಗ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಕಾರಣವನ್ನು ರಿವ್ಯೂ ಲೇಖಕರು ಅಥವಾ ಮೂಲ ಅಧ್ಯಯನದವರು ಹೇಳಿದ್ದರೆ ಮಾತ್ರ "ಆದ್ದರಿಂದ" ಬಳಸುತ್ತೇನೆ. ಇಲ್ಲವಾದರೆ ಅವಧಿ, ಜನ, ಅಳೆದ ಬಗೆ ಬೇರೆ ಎಂದು ಪಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತೇನೆ. "ಇರಬಹುದು" ಎಂದು ಬರೆದ ಕಡೆ "ಇದೆ" ಎಂದು ಬದಲಿಸುವುದಿಲ್ಲ. 2011–12ರ ತನಿಖೆಯ "ಕಾರಣವಿರಬಹುದು" ಎಂಬ ಮಾತು ಸಾರಾಂಶದಿಂದ ಸಾರಾಂಶಕ್ಕೆ ದಾಟುವಾಗ "ಬೂಸ್ಟರ್ ಇಲ್ಲದ್ದರಿಂದ ಕಾಯಿಲೆ ಹೆಚ್ಚಿತು" ಆಗಿಬಿಡುವುದು ತುಂಬ ಸುಲಭ.

ಶೇಕಡಾ ಅಂಕಿಯ ಅರ್ಥವನ್ನು ಒಮ್ಮೆ ಬಿಡಿಸಿ ಹೇಳುವುದೂ ಅಗತ್ಯ. ಶೇ 62.4 ಅಂದರೆ ನೂರರಲ್ಲಿ 62 ಮಂದಿ ಸುರಕ್ಷಿತ, ಉಳಿದ 38 ಮಂದಿಗೆ ಕಾಯಿಲೆ ಎಂದಲ್ಲ. ಲಸಿಕೆ ಪಡೆಯದ ಸಾವಿರ ಜನರಲ್ಲಿ 10 ಮಂದಿಗೆ ಬರುತ್ತಿತ್ತು ಎಂದುಕೊಂಡರೆ, ಎರಡು ಡೋಸ್ ಪಡೆದ ಸಾವಿರ ಜನರಲ್ಲಿ ಸುಮಾರು 4 ಮಂದಿಗೆ ಬರುತ್ತದೆ. "ಇಂಜೆಕ್ಷನ್ ತಗೊಂಡ್ರೂ ಯಾಕ್ ಬಂತು" ಎಂಬ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಆ ನಾಲ್ಕು ಮಂದಿಯಲ್ಲಿದೆ.

ಇಷ್ಟಾದ ಮೇಲೆ ಬರವಣಿಗೆ ಬೇಗ ಆಗುತ್ತದೆ. ಪ್ಯಾರಾದ ಮೊದಲ ವಾಕ್ಯ ಗುಂಪಿನ ಹೆಸರೇ. ಆಮೇಲೆ ಆಧಾರ, ಕೊನೆಗೆ ಒಪ್ಪದ ಅಧ್ಯಯನ:

"ಲಸಿಕೆಯ ಡೋಸ್ ಹೆಚ್ಚಾದಂತೆ ರಕ್ಷಣೆ ಹೆಚ್ಚುತ್ತದೆ: 1990–92ರ ಪ್ರಯೋಗದಲ್ಲಿ ಒಂದು ಡೋಸಿಗಿಂತ ಎರಡು, 2005–10ರಲ್ಲಿ ಎರಡು ಡೋಸಿಗಿಂತ ಬೂಸ್ಟರ್ ಸೇರಿಸಿದ್ದು ಮೇಲು. ಆದರೆ ಎರಡು ಡೋಸ್ ಎಷ್ಟು ಕಾಯುತ್ತದೆ ಎಂಬಲ್ಲಿ ಒಮ್ಮತವಿಲ್ಲ. ಪ್ರಯೋಗದಲ್ಲಿ ಶೇ 93.5 ಇದ್ದದ್ದು 2005–10ರಲ್ಲಿ ಶೇ 62.4 (26.1–80.8), 2013–14ರ ಶಿವಮೊಗ್ಗದ ಹಾವಳಿಯಲ್ಲೂ ಪರಿಣಾಮ ಕಡಿಮೆ ಕಂಡಿತು. ಇದರ ಜೊತೆಗೆ ಲಸಿಕೆ ಜನರನ್ನು ಸರಿಯಾಗಿ ತಲುಪಲಿಲ್ಲ: ಎರಡು ಅಧ್ಯಯನಗಳಲ್ಲಿ ಪಡೆದವರು ಕಡಿಮೆ, 2011ರಲ್ಲಿ ಬೂಸ್ಟರ್ ಸಿಗಲಿಲ್ಲ, 2013–14ರಲ್ಲಿ ಆರಿಸಿದ ಪ್ರದೇಶದ ಆಚೆಗೂ ಕಾಯಿಲೆ ಹರಡಿತು."

ಪಟ್ಟಿಗಿಂತ ಇದು ಉದ್ದವಾಗಿದೆ. ಆ ಉದ್ದವನ್ನು ಬೇರೆ ಕಡೆ ಉಳಿಸಿಕೊಳ್ಳಬೇಕು: ವೈರಸ್ಸಿನ ರಚನೆಯಂಥ ವಿಭಾಗಗಳು ಈ ಓದುಗರಿಗೆ ಒಂದು ಸಾಲಿನಲ್ಲಿ ಮುಗಿಯುತ್ತವೆ.

ಗುಂಪು ಮಾಡುವಾಗ ಕೆಡುವ ಜಾಗಗಳು ಎರಡು. ಒಂದೇ ದತ್ತಾಂಶ ಎರಡು ಪ್ರಬಂಧಗಳಲ್ಲಿ ಬಂದಿದ್ದರೆ ಅದು ಎರಡು ಆಧಾರದಂತೆ ಕಾಣುತ್ತದೆ. ಸ್ಥಳ ಮತ್ತು ಅವಧಿಯ ಕಾಲಂಗಳನ್ನು ಹೋಲಿಸಿದರೆ ಸಿಕ್ಕಿಬೀಳುತ್ತದೆ. ಇನ್ನೊಂದು, ಹೆಸರು ಒಂದೇ ಆದರೂ ವಸ್ತು ಬೇರೆಯಾಗಿರುವುದು. ಈ ಕಾಯಿಲೆಗೆ ಮೊದಮೊದಲು ಪ್ರಯೋಗಿಸಿದ್ದು ಇದೇ ಬಳಗದ ರಷ್ಯಾದ ಉಣುಗುಜ್ವರಕ್ಕೆ ಇಲಿಯ ಮೆದುಳಿನಲ್ಲಿ ತಯಾರಿಸಿದ ಲಸಿಕೆಯನ್ನು. ಅದು ರಕ್ಷಣೆ ಕೊಡಲಿಲ್ಲ. 1990ರ ನಂತರ ಬಳಸಿದ್ದು ಮಂಗನ ಕಾಯಿಲೆಯ ವೈರಸ್ಸನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ. ಎರಡನ್ನೂ "ಲಸಿಕೆಯ ಪರಿಣಾಮ ಕಡಿಮೆ" ಎಂಬ ಒಂದೇ ಗುಂಪಿಗೆ ಹಾಕಿದರೆ ಗುಂಪೇ ಸುಳ್ಳಾಗುತ್ತದೆ.

ಕೊನೆಯಲ್ಲಿ ಹಾಳೆಗೆ ಹಿಂತಿರುಗಿ, ಪ್ರತಿ ಸಾಲೂ ಒಂದು ಪ್ಯಾರಾಕ್ಕೆ ಸೇರಿದೆಯೇ, ಅಥವಾ ಬೇಕೆಂದೇ ಬಿಟ್ಟದ್ದೇ ಎಂದು ಗುರುತು ಹಾಕುತ್ತೇನೆ. ಯಾವ ಗುಂಪಿಗೂ ಸೇರದ ಸಾಲನ್ನು ತುರುಕುವುದಿಲ್ಲ. "ಒಂದೇ ಅಧ್ಯಯನದಲ್ಲಿ ಕಂಡದ್ದು" ಎಂದು ಹೇಳಿ ಬೇರೆಯಾಗಿ ಇಡುತ್ತೇನೆ. ಆಮೇಲೆ ಲೇಖನದ ಕಾಲವನ್ನು ನೋಡುತ್ತೇನೆ. 2022ಕ್ಕಿಂತ ಹಿಂದಿನ ರಿವ್ಯೂಗಳಲ್ಲಿ "ಲಸಿಕೆ ಕೊಡಲಾಗುತ್ತಿದೆ" ಎಂಬ ವಾಕ್ಯವಿರುತ್ತದೆ. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಆದ್ದರಿಂದ ಆ ವಾಕ್ಯವನ್ನು ಭೂತಕಾಲಕ್ಕೆ ತಿರುಗಿಸಿ, ನಿಲ್ಲಿಸಿದ ಸಂಗತಿಯನ್ನು ಚೌಕದೊಳಗೆ "ರಿವ್ಯೂ ಲೇಖನದಲ್ಲಿ ಇಲ್ಲದ ಮಾಹಿತಿ" ಎಂಬ ತಲೆಬರಹದಡಿ ಬೇರೆಯಾಗಿ ಕೊಡುತ್ತೇನೆ. ಲೇಖಕರ ಮಾತು ಎಲ್ಲಿ ಮುಗಿಯಿತು, ನನ್ನ ಸೇರ್ಪಡೆ ಎಲ್ಲಿ ಶುರುವಾಯಿತು ಎನ್ನುವುದು ಸಾರಾಂಶ ಹಿಡಿದು ಹಳ್ಳಿಗೆ ಹೋಗುವವರಿಗೆ ಗೊತ್ತಿರಬೇಕು.