ಫಾರ್ಮ್ 16ರ ಫೋಟೋದಿಂದ ಟಿಡಿಎಸ್ ಓದಿಸಿ ತಾಳೆ ನೋಡಿದ್ದು

ತಮ್ಮ ಕಳಿಸಿದ್ದು ಫಾರ್ಮ್ 16ರ ಫೋಟೋ ಮಾತ್ರ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪ್ರೋಗ್ರಾಂಗೆ ನೇರವಾಗಿ ಕೊಟ್ಟರೆ ಪಾರ್ಟ್ ಎ ಟೇಬಲ್‌ನ ಕಾಲಮ್‌ಗಳು ಕಲಸಿಹೋಗುತ್ತಿದ್ದವು. ಚಿತ್ರವನ್ನು ದೊಡ್ಡದು ಮಾಡಿ, ಟೇಬಲ್ ಮಾತ್ರ ಕತ್ತರಿಸಿ, ಹೀಗೆ ಓದಿಸಿದೆ:

```
tesseract parta.png out --psm 6
```

ಈಗ ಒಂದು ತ್ರೈಮಾಸಿಕಕ್ಕೆ ಒಂದು ಸಾಲು ಸರಿಯಾಗಿ ಬಂತು. ಆದರೂ ಲೆಕ್ಕ ಕೂಡಲಿಲ್ಲ. ಟಿಡಿಎಸ್ 17,850, 17,350, 17,850, 17,950 ಕೂಡಿದರೆ 71,000, ಆದರೆ ಕೆಳಗಿನ ಒಟ್ಟು ಸಾಲಿನಲ್ಲಿ 71,500 ಇತ್ತು. ವ್ಯತ್ಯಾಸ ಸರಿಯಾಗಿ 500 ಬಂದರೆ ನೂರರ ಸ್ಥಾನದ ಒಂದು ಅಂಕಿ ತಪ್ಪಿರಬೇಕು, ಅಲ್ವಾ? ಜೂಮ್ ಮಾಡಿ ನೋಡಿದೆ, ಎರಡನೇ ಸಾಲಿನ ಮಸುಕಾದ 8 ಅನ್ನು 3 ಎಂದು ಓದಿತ್ತು.

ಆಮೇಲೆ ಸಂಬಳ. ಬ್ಯಾಂಕಿಗೆ ಬಂದ ಹಣದ ಜೊತೆ ಹೋಲಿಸಿದರೆ ಎಂದೂ ಹೊಂದುವುದಿಲ್ಲ, ಪಿಎಫ್, ವೃತ್ತಿ ತೆರಿಗೆ, ಟಿಡಿಎಸ್ ಎಲ್ಲಾ ಕಳೆದೇ ಬರುತ್ತದೆ. 12 ಪೇಸ್ಲಿಪ್‌ಗಳ ಗ್ರಾಸ್ ಕೂಡಿದೆ: 12,00,000. ಪಾರ್ಟ್ ಬಿಯ 17(1) ಸಾಲಿನಲ್ಲೂ ಅಷ್ಟೇ. 2024-25ರ ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆ 68,750, ಸೆಸ್ 2,750, ಒಟ್ಟು 71,500.

ಹಣ ನಿಜವಾಗಿ ಸರ್ಕಾರಕ್ಕೆ ಜಮೆಯಾಗಿದೆಯಾ ಅನ್ನೋದು ಫೋಟೋದಿಂದ ತಿಳಿಯುವುದಿಲ್ಲ, ಅದನ್ನು ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲೇ ನೋಡಬೇಕು.